ಹೆಸರು ಹಿಡಿದು ಕೇಳುವವರೆಷ್ಟು?

ಸಂಜೆ ಆರರ ಹೊತ್ತಿಗೆ ದಾವಣಗೆರೆಯ ಯಾವುದಾದರೊಂದು ಕಿರಾಣಿ ಅಂಗಡಿಯ ಪಕ್ಕ ನಿಂತು, ಗಿರಾಕಿಗಳು ಸಾಮಾನು ಕೇಳುವ ರೀತಿಯನ್ನು ಗಮನಿಸಿ. ಒಬ್ಬರು ‘ಅಣ್ಣಾ, ಅರ್ಧ ಲೀಟರ್ ನಂದಿನಿ ಕೊಡ್ರಿ’ ಎನ್ನುತ್ತಾರೆ. ಹಾಲು ಎಂಬ ಮಾತೇ ಬರುವುದಿಲ್ಲ, ಹೆಸರೇ ಸಾಕು. ಇನ್ನೊಬ್ಬರು ‘ನೀಲಿ ಪ್ಯಾಕೆಟ್ ಎರಡು’ ಎನ್ನುತ್ತಾರೆ. ಅಂಗಡಿಯವರಿಗೆ ಅದೂ ಅರ್ಥವಾಗುತ್ತದೆ. ಮೂರನೆಯವರು ‘ಶೇಂಗಾ ಚಟ್ನಿಪುಡಿ ಒಂದು’ ಎಂದು ಸುಮ್ಮನಾಗುತ್ತಾರೆ. ಯಾವ ಕಂಪನಿಯದ್ದು ಎಂದು ಅವರೂ ಹೇಳುವುದಿಲ್ಲ, ಅಂಗಡಿಯವರೂ ಕೇಳುವುದಿಲ್ಲ. ಕೈಗೆ ಸಿಕ್ಕ ಪ್ಯಾಕೆಟ್ ಚೀಲ ಸೇರುತ್ತದೆ.

ಆ ಮೂರನೆಯ ಗಿರಾಕಿಗೆ ಚಟ್ನಿಪುಡಿಯ ಯಾವ ಹೆಸರೂ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲವೇ? ಪ್ಯಾಕೆಟ್ ಕಣ್ಣೆದುರು ತೂಗುತ್ತಿದ್ದರೆ ‘ಅದು ಕೊಡಿ’ ಎಂದು ಬೆರಳು ತೋರಿಸುತ್ತಿದ್ದರೇ? ಇವು ಮೂರೂ ಬೇರೆ ಬೇರೆ ಸ್ಥಿತಿಗಳು, ಮೂರಕ್ಕೂ ಬೇರೆ ಬೇರೆ ಮದ್ದು. ದೊಡ್ಡ ಕಂಪನಿಗಳು ಇದನ್ನು ತಿಳಿಯಲು ಸಮೀಕ್ಷಾ ಸಂಸ್ಥೆಗಳಿಗೆ ಲಕ್ಷಗಟ್ಟಲೆ ಕೊಡುತ್ತವೆ. ಹತ್ತು ಸಾವಿರ ರೂಪಾಯಿಯೊಳಗೆ, ಅರ್ಧ ಪುಟದ ಪ್ರಶ್ನೆಪತ್ರಿಕೆ ಹಿಡಿದು, ಒಂದು ಊರಿನ ಮಟ್ಟಿಗೆ ಇದೇ ಕೆಲಸವನ್ನು ಮಾಡಬಹುದು. ಹಣ ಕಡಿಮೆ ಇದ್ದಾಗ ಎಲ್ಲಿ ಬಿಗಿಯಾಗಿರಬೇಕು, ಎಲ್ಲಿ ಸಡಿಲ ಬಿಟ್ಟರೂ ನಡೆಯುತ್ತದೆ ಎಂಬುದಷ್ಟೇ ಗೊತ್ತಿರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಅಕ್ಕ-ತಂಗಿ ಇಬ್ಬರು ಸೇರಿ ಶೇಂಗಾ, ಅಗಸೆ, ಗುರೆಳ್ಳು ಚಟ್ನಿಪುಡಿ ಮಾಡುತ್ತಾರೆ ಎನ್ನೋಣ. ಮೂರು ವರ್ಷದ ಕೆಲಸ, ಸುಮಾರು 60 ಅಂಗಡಿಗಳಲ್ಲಿ ಮಾಲು. ಈಗ ಗೋಡೆಬರಹಕ್ಕೂ ಆಟೊಗಳ ಹಿಂದೆ ಅಂಟಿಸುವ ಸ್ಟಿಕರ್‌ಗೂ 25,000 ರೂಪಾಯಿ ತೆಗೆದಿಟ್ಟಿದ್ದಾರೆ. ಅದನ್ನು ಖರ್ಚು ಮಾಡಿದರೆ ಊರಿನಲ್ಲಿ ತಮ್ಮ ಹೆಸರು ಹಬ್ಬುತ್ತದೆಯೇ ಎಂದು ತಿಳಿಯಬೇಕಾಗಿದೆ. ಮುಂದೆ ಬರುವ ಅಂಕಿಗಳೆಲ್ಲ ಈ ಉದಾಹರಣೆಯವು, ಲೆಕ್ಕ ನಡೆಯುವ ರೀತಿಯನ್ನು ತೋರಿಸಲು ಇಟ್ಟವು.

ಒಂದು ಹೆಸರು ಜನರಿಗೆ ಗೊತ್ತಿದೆ ಎನ್ನುವುದರಲ್ಲಿ ಎರಡು ಬಗೆ. ಯಾವ ಸುಳಿವೂ ಇಲ್ಲದೆ ಹೆಸರು ತಾನಾಗಿ ಬಾಯಿಗೆ ಬರುವುದು ನೆನಪು. ಹೆಸರನ್ನೋ ಪ್ಯಾಕೆಟ್ಟನ್ನೋ ತೋರಿಸಿದಾಗ ‘ಹೌದು, ಇದನ್ನು ನೋಡಿದ್ದೇನೆ’ ಎನ್ನುವುದು ಗುರುತು. ಗುರುತು ಸುಲಭ, ನೆನಪು ಕಷ್ಟ. ಅಮೆರಿಕದ ಜಾಹೀರಾತು ಸಂಶೋಧಕರು ಕಳೆದ ಶತಮಾನದಲ್ಲೇ ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯತೊಡಗಿದ್ದರು. ಡೇನಿಯಲ್ ಸ್ಟಾರ್ಚ್ ಅವರ ಪದ್ಧತಿಯಲ್ಲಿ ಪತ್ರಿಕೆಯ ಪುಟವನ್ನು ತೆರೆದು ತೋರಿಸಿ ‘ಈ ಜಾಹೀರಾತು ನೋಡಿದ್ದಿರಾ’ ಎಂದು ಕೇಳುತ್ತಿದ್ದರು. ಜಾರ್ಜ್ ಗ್ಯಾಲಪ್ ಅವರು ಕ್ಲಾಡ್ ರಾಬಿನ್ಸನ್ ಜೊತೆ 1948ರಲ್ಲಿ ಕಟ್ಟಿದ ಸಂಸ್ಥೆ ಪತ್ರಿಕೆಯನ್ನು ಮುಚ್ಚಿಟ್ಟು, ಕಂಪನಿಯ ಹೆಸರನ್ನಷ್ಟೇ ಹೇಳಿ, ಆ ಜಾಹೀರಾತಿನಲ್ಲಿ ಏನಿತ್ತು ಎಂದು ಕೇಳುತ್ತಿತ್ತು. ಪತ್ರಿಕೆ ತೆರೆದಿದ್ದರೆ ಒಂದು ಸಂಖ್ಯೆ ಬರುತ್ತದೆ, ಮುಚ್ಚಿದ್ದರೆ ಅದಕ್ಕಿಂತ ಬಹಳ ಸಣ್ಣ ಸಂಖ್ಯೆ.

ಎರಡರಲ್ಲಿ ಯಾವುದನ್ನು ನಂಬಬೇಕು? 1980ರ ದಶಕದಲ್ಲಿ ಜಾನ್ ರೊಸಿಟರ್ ಮತ್ತು ಲ್ಯಾರಿ ಪರ್ಸಿ ಎಂಬ ಇಬ್ಬರು ಕೊಟ್ಟ ಉತ್ತರ ನನಗೆ ಇಂದಿಗೂ ಸರಿ ಎನಿಸುತ್ತದೆ. ಗಿರಾಕಿ ಕೊಳ್ಳುವ ಜಾಗದಲ್ಲಿ ಏನು ನಡೆಯುತ್ತದೆ ಎಂಬುದೇ ಇದನ್ನು ತೀರ್ಮಾನಿಸಬೇಕು ಎಂಬುದು ಅವರ ವಾದ. ಸೂಪರ್ ಮಾರ್ಕೆಟ್ಟಿನಲ್ಲಿ ಪ್ಯಾಕೆಟ್‌ಗಳು ಕಣ್ಣೆದುರು ಸಾಲಾಗಿರುತ್ತವೆ, ಗುರುತು ಹತ್ತಿದರೆ ಸಾಕು. ಕಟ್ಟೆಯಾಚೆ ಅಂಗಡಿಯವರು ನಿಂತು ಒಳಗಿನಿಂದ ತೆಗೆದುಕೊಡುವ ಕಿರಾಣಿಯಲ್ಲಿ ಮಾಲು ಕಾಣುವುದೇ ಇಲ್ಲ. ಅಲ್ಲಿ ಹೆಸರು ಬಾಯಿಗೆ ಬರಲೇಬೇಕು. ಅಮೆರಿಕದ ಪುಸ್ತಕಗಳನ್ನು ಓದಿದವರು ಇದನ್ನು ಶೆಲ್ಫಿನ ಲೆಕ್ಕದಲ್ಲಿ ಯೋಚಿಸುತ್ತಾರೆ. ನಮ್ಮ ಸಣ್ಣ ಉದ್ಯಮಿಗಳ ಮಾಲು ಹೆಚ್ಚಾಗಿ ಮಾರಾಟವಾಗುವುದು ಕಟ್ಟೆಯ ಮೇಲೆ.

ಹಾಗಾಗಿ ಸಮೀಕ್ಷೆಗೆ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ. ಪರಿಚಯದ ಮೂರು ಅಂಗಡಿಗಳಲ್ಲಿ ಅಪ್ಪಣೆ ಕೇಳಿ ಸಂಜೆ ಎರಡು-ಮೂರು ಗಂಟೆ ಕೂರಬೇಕು. ಹಾಳೆಯಲ್ಲಿ ನಾಲ್ಕು ಕಲಮು ಇರಲಿ: ಹೆಸರು ಹೇಳಿ ಕೇಳಿದವರು, ಬರೀ ಬಗೆ ಹೇಳಿದವರು, ಕೈತೋರಿಸಿದವರು, ‘ಒಳ್ಳೇದು ಯಾವುದಾದ್ರೂ ಕೊಡಿ’ ಎಂದವರು. ಚಟ್ನಿಪುಡಿ ಕೊಂಡ ಪ್ರತಿಯೊಬ್ಬರಿಗೂ ಒಂದು ಗೀಟು. ಒಂದು ವಾರ ಹೀಗೆ ಮಾಡಿ 50 ಖರೀದಿ ಸಿಕ್ಕಿತು, ಅದರಲ್ಲಿ 8 ಮಂದಿ ಹೆಸರು ಹೇಳಿದರು, 31 ಮಂದಿ ಶೇಂಗಾ ಅಥವಾ ಅಗಸೆ ಎಂದಷ್ಟೇ ಹೇಳಿದರು, 7 ಮಂದಿ ಕೈತೋರಿಸಿದರು, 4 ಮಂದಿ ಅಂಗಡಿಯವರಿಗೇ ಬಿಟ್ಟರು ಎನ್ನೋಣ. ಅಂದರೆ 50ರಲ್ಲಿ 35 ಪ್ಯಾಕೆಟ್‌ಗಳ ಆಯ್ಕೆ ನಡೆದದ್ದು ಅಂಗಡಿಯವರ ಕೈಯಲ್ಲಿ. ಯಾವುದರಲ್ಲಿ ಅವರಿಗೆ ಎರಡು ರೂಪಾಯಿ ಹೆಚ್ಚು ಉಳಿಯುತ್ತದೋ ಅದು ಹೊರಗೆ ಬರುವ ಸಾಧ್ಯತೆ ಹೆಚ್ಚು. ಆ ಆಯ್ಕೆಯನ್ನು ಗಿರಾಕಿಯ ಬಾಯಿಗೆ ತರಬೇಕಾದರೆ ನೆನಪು ಬೇಕು. ಈ ಉದಾಹರಣೆಯಲ್ಲಿ ಅಳೆಯಬೇಕಾದ ಮುಖ್ಯ ಸಂಖ್ಯೆ ಅದೇ, ಗುರುತು ಎರಡನೆಯದು.

ಇನ್ನು ಪ್ರಶ್ನೆಪತ್ರಿಕೆ. ಐದು ಪ್ರಶ್ನೆ ಸಾಕು, ಆದರೆ ಅವುಗಳ ಸರದಿ ಕದಲಬಾರದು.

ಮೊದಲನೆಯದು ಸೋಸುವ ಪ್ರಶ್ನೆ. ಮನೆಗೆ ದಿನಸಿ ತರುವವರು ಯಾರು ಎಂದು ಕೇಳಿ ಅವರನ್ನೇ ಮಾತಾಡಿಸಬೇಕು. ಆಮೇಲೆ, ಕಳೆದ ಮೂರು ತಿಂಗಳಲ್ಲಿ ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ತಂದದ್ದು ಇವುಗಳಲ್ಲಿ ಯಾವುವು ಎಂದು ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ, ಸಾಂಬಾರುಪುಡಿ, ಶ್ಯಾವಿಗೆ ಎಂದು ಓದಬೇಕು. ಚಟ್ನಿಪುಡಿಯನ್ನು ಒಂಟಿಯಾಗಿ ಕೇಳಿದರೆ ‘ಇವರು ಚಟ್ನಿಪುಡಿಯವರು’ ಎಂಬುದು ಮೊದಲ ಮಾತಿನಲ್ಲೇ ಬಯಲಾಗುತ್ತದೆ. ಚಟ್ನಿಪುಡಿಯನ್ನು ಮನೆಯಲ್ಲೇ ಕುಟ್ಟಿಕೊಳ್ಳುವವರಿಗೆ ಅಲ್ಲಿಗೇ ನಮಸ್ಕಾರ ಹೇಳಿ ಹೊರಡಬೇಕು. ಅವರು ಎಷ್ಟು ಮಂದಿ ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು, ಅದೂ ಉಪಯೋಗಕ್ಕೆ ಬರುವ ಸಂಖ್ಯೆಯೇ.

ಎರಡನೆಯದು ನೆನಪಿನ ಪ್ರಶ್ನೆ. ಇದನ್ನು ‘ನಿಮಗೆ ಗೊತ್ತಿರುವ ಬ್ರ್ಯಾಂಡ್‌ಗಳು ಯಾವುವು’ ಎಂದು ಕೇಳಿದರೆ ಕೆಲವರು ಶೇಂಗಾ, ಪುಟಾಣಿ ಎಂದು ಬಗೆಗಳನ್ನು ಹೇಳುತ್ತಾರೆ, ಕೆಲವರು ಅಂಗಡಿಯ ಹೆಸರು ಹೇಳುತ್ತಾರೆ. ಅದಕ್ಕಿಂತ ಅಂಗಡಿಯ ಕಟ್ಟೆಯನ್ನೇ ಕಣ್ಮುಂದೆ ತರುವುದು ಒಳ್ಳೆಯದು: ‘ಮನೇಲಿ ಚಟ್ನಿಪುಡಿ ಮುಗಿದಿದೆ, ಅಂಗಡಿಗೆ ಹೋಗಿದ್ದೀರಿ. ಯಾವ ಯಾವ ಕಂಪನಿಯ ಹೆಸರು ನೆನಪಿಗೆ ಬರುತ್ತೆ?’ ನೆನಪು ಏಳುವುದು ಸಂದರ್ಭದ ಎಳೆ ಹಿಡಿದು. ಕೊಳ್ಳುವ ಸಂದರ್ಭವನ್ನೇ ಪ್ರಶ್ನೆಯೊಳಗೆ ಇಟ್ಟರೆ ಕೊಳ್ಳುವಾಗ ಬರುವ ಹೆಸರೇ ಇಲ್ಲಿಯೂ ಬರುವ ಸಾಧ್ಯತೆ ಹೆಚ್ಚು. ಹೇಳಿದ ಹೆಸರುಗಳನ್ನು ಹೇಳಿದ ಸರದಿಯಲ್ಲೇ, ಅವರ ಉಚ್ಚಾರದಲ್ಲೇ ಬರೆಯಬೇಕು. ‘ಇನ್ನೂ ಯಾವುದಾದ್ರೂ?’ ಎಂದು ಎರಡು ಸಲ ಕೇಳಬಹುದು, ಮೂರನೆಯ ಸಲ ಬೇಡ. ಎಲ್ಲರನ್ನೂ ಒಂದೇ ಸಮ ಕೆದಕಬೇಕು. ಒಬ್ಬ ಹುಡುಗ ಒಂದೇ ಸಲ ಕೇಳಿ, ಇನ್ನೊಬ್ಬ ಹುಡುಗಿ ಐದು ಸಲ ಕೇಳಿದರೆ ಬರುವ ವ್ಯತ್ಯಾಸ ಬಡಾವಣೆಗಳದ್ದಲ್ಲ, ಕೇಳಿದವರದ್ದು. ‘ಯಾವುದೂ ನೆನಪಿಲ್ಲ’ ಎಂಬುದು ಪೂರ್ಣ ಉತ್ತರ. ಆ ಮೌನವನ್ನು ತುಂಬಲು ಯಾವ ಹೆಸರನ್ನೂ ನಾವು ಎತ್ತಿಕೊಡಬಾರದು.

ಮೂರನೆಯದು ಗುರುತಿನ ಪ್ರಶ್ನೆ. ಆರು ಹೆಸರುಗಳನ್ನು ನಿಧಾನವಾಗಿ ಓದಿ, ಪ್ರತಿಯೊಂದಕ್ಕೂ ‘ಕೇಳಿದ್ದೀರಾ ಅಥವಾ ನೋಡಿದ್ದೀರಾ’ ಎಂದು ಕೇಳುವುದು. ಇದು ಎರಡನೆಯ ಪ್ರಶ್ನೆಯ ನಂತರವೇ ಬರಬೇಕು. ಮೊದಲೇ ಹೆಸರು ಓದಿಬಿಟ್ಟರೆ ಆಮೇಲೆ ನೆನಪನ್ನು ಅಳೆಯಲು ಏನೂ ಉಳಿಯುವುದಿಲ್ಲ, ಈಗಷ್ಟೇ ಕೇಳಿದ್ದನ್ನೇ ಅವರು ತಿರುಗಿ ಹೇಳುತ್ತಾರೆ. ಗೂಗಲ್ ಫಾರ್ಮ್ಸ್‌ನಲ್ಲಿ ಸಮೀಕ್ಷೆ ಮಾಡುವವರು ಇಲ್ಲಿ ಎಡವುವುದು ಹೆಚ್ಚು. ಎಲ್ಲ ಪ್ರಶ್ನೆಗಳೂ ಒಂದೇ ಪುಟದಲ್ಲಿದ್ದರೆ ಉತ್ತರಿಸುವವರು ಕೆಳಗಿನ ಪಟ್ಟಿಯನ್ನು ನೋಡಿ ಮೇಲಿನ ಖಾಲಿ ಜಾಗವನ್ನು ತುಂಬುತ್ತಾರೆ.

ನಾಲ್ಕನೆಯದಕ್ಕೆ ಬಣ್ಣದ ಒಂದು ಕಾರ್ಡು ಬೇಕು. ನಮ್ಮದೂ ಸೇರಿ ಮೂರು-ನಾಲ್ಕು ಪ್ಯಾಕೆಟ್‌ಗಳ ಚಿತ್ರ, ಹೆಸರಿನ ಮೇಲೆ ಬಿಳಿ ಪಟ್ಟಿ. ನೀಲಿ ಪ್ಯಾಕೆಟ್ ಎಂದು ಹಾಲು ಕೇಳುವಂತೆ, ಹೆಸರಿಗಿಂತ ಮೊದಲು ಬಣ್ಣವನ್ನು ಗುರುತಿಸುವವರು ಇಲ್ಲಿ ಸಿಗುತ್ತಾರೆ. ಐದನೆಯದು, ಕಳೆದ ಮೂರು ತಿಂಗಳಲ್ಲಿ ಇವುಗಳಲ್ಲಿ ಯಾವುದನ್ನು ಕೊಂಡಿರಿ ಎಂಬುದು.

‘ನಮ್ಮ ಹೆಸರನ್ನು ಎಲ್ಲಿ ನೋಡಿದಿರಿ’ ಎಂಬ ಆರನೆಯ ಪ್ರಶ್ನೆಯನ್ನು ಸೇರಿಸಲು ಎಲ್ಲರಿಗೂ ಮನಸ್ಸಾಗುತ್ತದೆ. ನಾನು ಅದನ್ನು ಬಿಡಿ ಎನ್ನುತ್ತೇನೆ. ಜನರಿಗೆ ಹೆಸರು ನೆನಪಿದ್ದರೂ ಅದು ಎಲ್ಲಿಂದ ಬಂತು ಎಂಬುದು ನೆನಪಿರುವುದಿಲ್ಲ. ಟಿವಿಯಲ್ಲಿ ಒಮ್ಮೆಯೂ ಬಾರದ ಹೆಸರನ್ನೂ ಟಿವಿಯಲ್ಲಿ ನೋಡಿದೆ ಎನ್ನುವವರಿದ್ದಾರೆ. ಗೋಡೆಬರಹ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಅವರ ಬಾಯಿಂದಲ್ಲ, ಗೋಡೆಬರಹ ಇದ್ದ ಬಡಾವಣೆಯನ್ನೂ ಇಲ್ಲದ ಬಡಾವಣೆಯನ್ನೂ ಹೋಲಿಸಿ ತಿಳಿಯಬೇಕು.

ಗುರುತಿನ ಪಟ್ಟಿಯಲ್ಲಿ ಆರು ಹೆಸರು ಎಂದೆನಲ್ಲ, ಅದರಲ್ಲೊಂದು ಎಲ್ಲೂ ಇಲ್ಲದ ಹೆಸರಾಗಿರಬೇಕು. ಇಡೀ ಸಮೀಕ್ಷೆಯಲ್ಲಿ ಒಂದು ಪೈಸೆ ಖರ್ಚಿಲ್ಲದೆ ಸಿಗುವ, ಅತಿ ಹೆಚ್ಚು ಬೆಲೆಬಾಳುವ ಸಾಧನ ಇದು. ಮನೆ ಬಾಗಿಲಿಗೆ ಬಂದ ಕಾಲೇಜು ಹುಡುಗಿ ಹೆಸರೊಂದನ್ನು ಹೇಳಿ ‘ಕೇಳಿದ್ದೀರಾ ಅಮ್ಮಾ’ ಎಂದರೆ, ಇಲ್ಲ ಎನ್ನಲು ಮನಸ್ಸು ಬಾರದವರು ನಮ್ಮಲ್ಲಿ ಬಹಳ. ‘ಹ್ಞಾಂ, ಕೇಳಿದಂಗೈತೆ’ ಎಂಬ ಉತ್ತರದಲ್ಲಿ ಅರ್ಧ ದಾಕ್ಷಿಣ್ಯ, ಇನ್ನರ್ಧ ಹೆಸರು ಯಾವುದನ್ನೋ ಹೋಲುತ್ತದೆ ಎಂಬ ಭಾಸ. ಇದು ನಮ್ಮೂರಿನ ಗುಣವಷ್ಟೇ ಅಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಜಾರ್ಜ್ ಬಿಷಪ್ ಮತ್ತು ಸಹೋದ್ಯೋಗಿಗಳು 1970ರ ದಶಕದ ಕೊನೆಯಲ್ಲಿ, ಇಲ್ಲವೇ ಇಲ್ಲದ ‘ಪಬ್ಲಿಕ್ ಅಫೇರ್ಸ್ ಆ್ಯಕ್ಟ್’ ಎಂಬ ಕಾನೂನನ್ನು ಕಲ್ಪಿಸಿ ಅದರ ಬಗ್ಗೆ ಜನಾಭಿಪ್ರಾಯ ಕೇಳಿದರು. ಸುಮಾರು ಮೂರರಲ್ಲೊಂದು ಪಾಲು ಜನ ಪರವಾಗಿಯೋ ವಿರೋಧವಾಗಿಯೋ ಅಭಿಪ್ರಾಯ ಕೊಟ್ಟರು. ಇಲ್ಲದ ಕಾನೂನಿಗೇ ಹೀಗಿದ್ದರೆ ಇಲ್ಲದ ಚಟ್ನಿಪುಡಿಗೆ ಹೌದು ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರೆಷ್ಟು ಎಂದು ಎಣಿಸಿದರೆ, ನಮ್ಮ ಹೆಸರಿಗೆ ಬಂದ ಹೌದುಗಳಲ್ಲಿ ಎಷ್ಟು ಕಳೆಯಬೇಕು ಎಂಬುದು ತಿಳಿಯುತ್ತದೆ.

ಆ ಹೆಸರನ್ನು ಕಟ್ಟುವಾಗ ಎಚ್ಚರ ಬೇಕು. ಪಟ್ಟಿಯಲ್ಲಿರುವ ಉಳಿದವು ದೇವರ ಹೆಸರಿನವಾದರೆ ಇದೂ ಹಾಗೇ ಇರಲಿ, ‘ಹೋಮ್ ಪ್ರಾಡಕ್ಟ್ಸ್’ ಬಗೆಯವಾದರೆ ಇದೂ ಅದೇ ಬಗೆಯದಾಗಲಿ. ವಿಚಿತ್ರವಾದ ಹೆಸರಿಟ್ಟರೆ ಎಲ್ಲರೂ ಇಲ್ಲ ಎನ್ನುತ್ತಾರೆ, ಪರೀಕ್ಷೆ ಕೆಲಸಕ್ಕೆ ಬಾರದು. ನಿಜವಾಗಿಯೂ ಯಾರೂ ಆ ಹೆಸರಿನಲ್ಲಿ ಮಾರುತ್ತಿಲ್ಲ ಎಂಬುದನ್ನು ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲೂ ಊರಿನ ಇಬ್ಬರು ಸಗಟು ವ್ಯಾಪಾರಿಗಳ ಬಳಿಯೂ ಖಾತರಿ ಮಾಡಿಕೊಳ್ಳಬೇಕು. ಇನ್ನೊಂದು ಮಾತು: ಪ್ರಶ್ನೆಪತ್ರಿಕೆಯನ್ನು ಮೂರು ನಮೂನೆಯಲ್ಲಿ ಮಾಡಿ ಹೆಸರುಗಳ ಸ್ಥಾನ ಬದಲಿಸಬೇಕು, ಮೊದಲು ಓದಿದ್ದಕ್ಕೂ ಕೊನೆಗೆ ಓದಿದ್ದಕ್ಕೂ ಸಿಗುವ ಲಾಭ ಎಲ್ಲರಿಗೂ ಹಂಚಿಹೋಗಲಿ ಎಂದು.

ಯಾರನ್ನು ಕೇಳಬೇಕು ಎಂಬಲ್ಲಿ ಹಣ ಉಳಿಸುವ ಆಸೆ ದೊಡ್ಡ ತಪ್ಪಿಗೆ ದಾರಿ. ಅಕ್ಕ-ತಂಗಿಯರು ತಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಫಾರ್ಮ್ ಕಳಿಸಿದರೆ ಒಂದೇ ದಿನದಲ್ಲಿ 500 ಉತ್ತರ ಬಂದೀತು, ಅದೂ ಬಿಟ್ಟಿಯಾಗಿ. ಆ 500 ಮಂದಿಯಲ್ಲಿ ಹೆಚ್ಚಿನವರು ನೆಂಟರು, ಗೆಳತಿಯರು, ಈಗಾಗಲೇ ಕೊಳ್ಳುವವರು. 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಕೂಡಿಹಾಕಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಪತ್ರಿಕೆ ವಿಳಾಸ ಹುಡುಕಿದ್ದು ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳಲ್ಲಿ, ಮರಳಿ ಬರೆದದ್ದು ಬರೆಯಲು ಹುಮ್ಮಸ್ಸಿದ್ದವರು. ಬಾಗಿದ ಪಟ್ಟಿಯನ್ನು ಸಂಖ್ಯೆ ನೆಟ್ಟಗೆ ಮಾಡುವುದಿಲ್ಲ. ಹಾಗಾಗಿ 500 ಪರಿಚಿತರಿಗಿಂತ 200 ಅಪರಿಚಿತರು ಲೇಸು.

ದಾವಣಗೆರೆ ಮಹಾನಗರ ಪಾಲಿಕೆಯಲ್ಲಿ 45 ವಾರ್ಡ್‌ಗಳಿವೆ. ಚೀಟಿ ಎತ್ತಿ ಹತ್ತು ವಾರ್ಡ್ ಆರಿಸಿಕೊಳ್ಳೋಣ, ಹಳೇ ಊರು ಹೊಸ ಬಡಾವಣೆ ಎರಡೂ ಅದರಲ್ಲಿವೆಯೇ ಎಂದು ನೋಡೋಣ. ಅದರಲ್ಲಿ ಐದು ವಾರ್ಡ್‌ಗಳಲ್ಲಿ ಮಾತ್ರ ಗೋಡೆಬರಹ ಮತ್ತು ಆಟೊ ಸ್ಟಿಕರ್, ಉಳಿದ ಐದರಲ್ಲಿ ಏನೂ ಇಲ್ಲ. ಪ್ರತಿ ವಾರ್ಡ್‌ನಲ್ಲಿ 20 ಮನೆ, ಒಟ್ಟು 200. ಒಂದು ಬೀದಿಯ ತುದಿಯಿಂದ ಹೊರಟು ಬಲಗಡೆಯ ಪ್ರತಿ ಐದನೆಯ ಮನೆಯ ಬಾಗಿಲು ತಟ್ಟುವುದು. ಯಾವ ಮನೆ ಎಂಬ ತೀರ್ಮಾನವನ್ನು ಹುಡುಗರಿಗೆ ಬಿಟ್ಟರೆ ನಾಯಿ ಇಲ್ಲದ, ಗೇಟು ತೆರೆದಿರುವ, ನಗುಮುಖದವರು ಇರುವ ಮನೆಗಳೇ ಪಟ್ಟಿಗೆ ಬರುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಕೆಲಸಕ್ಕೆ ಹೋಗುವ ಹೆಂಗಸರು ಸಿಗುವುದಿಲ್ಲ, ಪ್ಯಾಕೆಟ್ ಕೊಳ್ಳುವವರಲ್ಲಿ ಅವರ ಪಾಲು ದೊಡ್ಡದು. ಹಾಗಾಗಿ ಅರ್ಧ ಮನೆಗಳಿಗೆ ಸಂಜೆ ಅಥವಾ ಭಾನುವಾರ ಹೋಗಬೇಕು. ಮನೆಮನೆಗೆ ಹೋಗಿ ಕೇಳುವ ನಾಲ್ವರು ವಿದ್ಯಾರ್ಥಿಗಳಲ್ಲಿ ಒಬ್ಬರಿಗಾದರೂ ಉರ್ದು ಬರಲಿ. ಇಲ್ಲದಿದ್ದರೆ ಊರಿನ ದೊಡ್ಡದೊಂದು ಭಾಗ ಮಾತಾಡಿಯೂ ಮಾತಾಡದಂತಾಗುತ್ತದೆ.

ಖರ್ಚು ಇಷ್ಟು: ಒಂದು ಸಂದರ್ಶನಕ್ಕೆ 30 ರೂಪಾಯಿಯಂತೆ 6,000, ಜೆರಾಕ್ಸ್‌ಗೆ ಒಂದು 500, ಬಣ್ಣದ ಕಾರ್ಡು ನಾಲ್ಕಕ್ಕೆ ಲ್ಯಾಮಿನೇಷನ್ ಸೇರಿ 400, ಓಡಾಟಕ್ಕೆ 1,000. ಎಂಟು ಸಾವಿರದ ಒಳಗೆ ಒಂದು ಸುತ್ತು ಮುಗಿಯುತ್ತದೆ, ದರ ಊರಿಂದೂರಿಗೆ ಸ್ವಲ್ಪ ಬದಲಾಗಬಹುದು.

ಅಕ್ಕ-ತಂಗಿಯರು ತಾವೇ ಬಾಗಿಲಿಗೆ ಹೋಗಬಾರದು. ವಿದ್ಯಾರ್ಥಿಗಳ ಚೀಲದ ಮೇಲೆ, ಟೀಶರ್ಟಿನ ಮೇಲೆ ಹೆಸರಿರಬಾರದು. ‘ಅಕ್ಕಾ, ಅಡುಗೆ ಸಾಮಾನಿನ ಬಗ್ಗೆ ಎರಡು ನಿಮಿಷ ಕೇಳ್ಬೇಕಿತ್ತು’ ಎಂದಷ್ಟೇ ಹೇಳಿ ಶುರು ಮಾಡಲಿ, ಯಾರಿಗಾಗಿ ಎಂದು ಕೇಳಿದರೆ ಕೊನೆಯಲ್ಲಿ ನಿಜ ಹೇಳಲಿ. ಉತ್ತರಿಸಿದವರಿಗೆ ಒಂದು ಪ್ಯಾಕೆಟ್ ಚಟ್ನಿಪುಡಿ ಕೊಡೋಣ ಎನ್ನುವುದು ಒಳ್ಳೆಯ ಮನಸ್ಸು, ಆದರೆ ಸಮೀಕ್ಷೆಗೆ ವಿಷ. ಮೊದಲ ಮನೆಯಲ್ಲಿ ಕೊಟ್ಟ ಪ್ಯಾಕೆಟ್ಟಿನ ಸುದ್ದಿ ಐದನೆಯ ಮನೆಗೆ ನಮಗಿಂತ ಮೊದಲೇ ತಲುಪಿರುತ್ತದೆ. ಅಲ್ಲಿಂದ ಮುಂದೆ ಇಡೀ ಬೀದಿಗೆ ನಮ್ಮ ಹೆಸರು ನೆನಪಿರುತ್ತದೆ.

ತುಂಬಿದ ಹಾಳೆಗಳು ಬಂದ ಮೇಲೆ ಮೊದಲು ನೋಡಬೇಕಾದದ್ದು ಉತ್ತರಗಳನ್ನಲ್ಲ, ಅವನ್ನು ಬರೆದ ಕೈಗಳನ್ನು. ಮನೆಗೆ ಹೋಗದೆ ಮರದಡಿ ಕೂತು ತುಂಬಿದ ಹಾಳೆಗಳಿಗೆ ಲಕ್ಷಣಗಳಿವೆ. ಎರಡನೆಯ ಪ್ರಶ್ನೆಗೆ ಎಲ್ಲರೂ ಅದೇ ಮೂರು ಹೆಸರನ್ನು ಅದೇ ಸರದಿಯಲ್ಲಿ ಹೇಳಿರುತ್ತಾರೆ. ‘ಯಾವುದೂ ನೆನಪಿಲ್ಲ’ ಎಂಬ ಉತ್ತರ ಬಹಳ ಕಡಿಮೆ. ಉಳಿದ ಮೂವರ ಹಾಳೆಗಳಲ್ಲಿ ಇಲ್ಲದ ಹೆಸರಿಗೆ ಐದಾರು ಹೌದು ಬಂದಿದ್ದರೆ ಒಬ್ಬರ 50 ಹಾಳೆಗಳಲ್ಲಿ ಒಂದೂ ಇಲ್ಲ. ಬಾಗಿಲು ತೆರೆಯದವರು, ‘ಈಗ ಪುರುಸೊತ್ತಿಲ್ಲ’ ಎಂದವರು ಒಬ್ಬರೂ ದಾಖಲಾಗಿಲ್ಲ. ಅನುಮಾನ ಬಂದರೆ ಆ ವಾರ್ಡ್‌ಗೆ ಬೇರೆಯವರನ್ನು ಕಳಿಸಿ ಹೊಸದಾಗಿ ಮಾಡಿಸುವುದೇ ಸರಿ. ಆ ಹಾಳೆಗಳನ್ನು ಸರಿಪಡಿಸಲು ಹೋಗಬಾರದು.

ಈಗ ಲೆಕ್ಕ. ಮೊದಲ ಸುತ್ತಿನ 200 ಮಂದಿಯಲ್ಲಿ ಅಕ್ಕ-ತಂಗಿಯರ ಹೆಸರನ್ನು ತಾವಾಗಿ ಹೇಳಿದವರು 9, ಅಂದರೆ ಶೇ 4.5. ಪಟ್ಟಿ ಓದಿದಾಗ ಹೌದು ಎಂದವರು 58, ಶೇ 29. ಇಲ್ಲದ ಹೆಸರಿಗೆ ಹೌದು ಎಂದವರು 22, ಶೇ 11.

ಶೇ 29 ಎಂಬ ಸಂಖ್ಯೆಯನ್ನು ಹಾಗೇ ಒಪ್ಪುವಂತಿಲ್ಲ. ಒಂದು ಹೆಸರು ಗೊತ್ತೇ ಇಲ್ಲದವರಲ್ಲೂ ನೂರಕ್ಕೆ 11 ಮಂದಿ ಹೌದು ಎನ್ನುತ್ತಾರೆ ಎಂದು ಇಲ್ಲದ ಹೆಸರು ಹೇಳಿಕೊಟ್ಟಿದೆ. 29ರಿಂದ 11 ಕಳೆದರೆ 18. ಆದರೆ ನಿಜವಾಗಿ ಗೊತ್ತಿದ್ದವರ ಮೇಲೆ ದಾಕ್ಷಿಣ್ಯದ ಪ್ರಶ್ನೆ ಬರುವುದಿಲ್ಲವಾದ್ದರಿಂದ 18ನ್ನು 100ರ ಬದಲು 89ರಿಂದ ಭಾಗಿಸಬೇಕು. ಉತ್ತರ ಸುಮಾರು ಶೇ 20. ಮೂವರಲ್ಲೊಬ್ಬರಿಗೆ ಹತ್ತಿರ ಎಂದು ಕಂಡದ್ದು ಐವರಲ್ಲೊಬ್ಬರಿಗೆ ಇಳಿಯಿತು. ಎಲ್ಲ ಹೆಸರುಗಳಿಗೂ ಭಾಸ ಒಂದೇ ಪ್ರಮಾಣದಲ್ಲಿ ಆಗುತ್ತದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ, ಆದ್ದರಿಂದ ಇದು ಅಂದಾಜು. ಆದರೂ ತಿದ್ದದ 29ಕ್ಕಿಂತ ಇದು ನಿಜಕ್ಕೆ ಹತ್ತಿರ.

ನೆನಪಿನ ಶೇ 4.5ಕ್ಕೆ ಈ ತಿದ್ದುಪಡಿ ಬೇಡ. ಯಾರೂ ದಾಕ್ಷಿಣ್ಯಕ್ಕೆ ಗೊತ್ತಿಲ್ಲದ ಹೆಸರನ್ನು ತಾವಾಗಿ ಹೇಳಲಾರರು. ತೆರೆದ ಪ್ರಶ್ನೆಯ ದೊಡ್ಡ ಗುಣ ಇದೇ. ಅದರ ಕೊರತೆ ಬೇರೆ ಕಡೆ ಇದೆ: ಸಂಖ್ಯೆ ತೀರ ಸಣ್ಣದು. 200ರಲ್ಲಿ 9 ಎಂದರೆ ಇಡೀ ಊರಿನ ನಿಜ ಪ್ರಮಾಣ ಶೇ 2ರಿಂದ 8ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇದನ್ನು ಚಿಕ್ಕ ಉದ್ಯಮಿಗಳಿಗೆ ಹೇಳಿದಾಗ ‘ಹಾಗಾದರೆ ಇನ್ನೂ ಹೆಚ್ಚು ಜನರನ್ನು ಕೇಳೋಣ’ ಎನ್ನುತ್ತಾರೆ. ಆದರೆ ತಪ್ಪಿನ ಅಳತೆ ಅರ್ಧವಾಗಬೇಕಾದರೆ ಜನ ನಾಲ್ಕು ಪಟ್ಟಾಗಬೇಕು. 100 ಮಂದಿಯನ್ನು ಕೇಳಿದರೆ ಹೆಚ್ಚೆಂದರೆ ಆಚೀಚೆ ಹತ್ತು ಅಂಶ, 200ಕ್ಕೆ ಏಳು, 400ಕ್ಕೆ ಐದು ಎಂದು ಇಟ್ಟುಕೊಂಡರೆ ಸಾಕು. ಒಂದೇ ವಾರ್ಡ್‌ನ 20 ಮನೆಯವರು ಒಂದೇ ಅಂಗಡಿಗೆ ಹೋಗುವುದರಿಂದ ನಿಜದ ತಪ್ಪು ಇದಕ್ಕಿಂತ ಸ್ವಲ್ಪ ದೊಡ್ಡದೇ.

ಆ 9 ಮಂದಿಯ ಐದನೆಯ ಪ್ರಶ್ನೆಯ ಉತ್ತರ ನೋಡಿದರೆ ಇನ್ನೊಂದು ವಿಷಯ ಹೊರಬೀಳುತ್ತದೆ. ಅವರಲ್ಲಿ 8 ಮಂದಿ ಈಗಾಗಲೇ ಕೊಂಡವರು. ಇದು ಅಚ್ಚರಿಯಲ್ಲ, ಬಳಸುವವರ ಬಾಯಿಗೆ ಹೆಸರು ಬರುವುದು ಎಲ್ಲ ಮಾಲಿನಲ್ಲೂ ಕಾಣುವ ಸಂಗತಿ. ಆದರೆ ಮಾರಾಟ ಏರಿದಾಗ ನೆನಪು ತಾನಾಗಿ ಏರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ನೆನಪು ಏರಿದ್ದನ್ನು ಜಾಹೀರಾತಿನ ಖಾತೆಗೆ ಹಾಕುವ ಮೊದಲು, ಕೊಳ್ಳದವರಲ್ಲಿ ಎಷ್ಟು ಮಂದಿ ಹೆಸರು ಹೇಳಿದರು ಎಂದು ಬೇರೆಯಾಗಿ ನೋಡಬೇಕು. ಇಲ್ಲಿ ಒಬ್ಬರು.

ಮೂರು ತಿಂಗಳು ಗೋಡೆಬರಹ, ಆಟೊ ಸ್ಟಿಕರ್ ನಡೆದ ಮೇಲೆ ಎರಡನೆಯ ಸುತ್ತು. ಅದೇ ಹಾಳೆ, ಅದೇ ಇಲ್ಲದ ಹೆಸರು, ಅದೇ ವಾರ್ಡ್‌ಗಳು, ಆದರೆ ಬೇರೆ ಮನೆಗಳು. ಮೊದಲ ಸುತ್ತಿನ ಮನೆಗಳಿಗೆ ಪಟ್ಟಿ ಓದಿ ಹೆಸರನ್ನು ಕಲಿಸಿದವರು ನಾವೇ ಆದ್ದರಿಂದ ಅಲ್ಲಿಗೆ ಮತ್ತೆ ಹೋಗುವಂತಿಲ್ಲ. ಜಾಹೀರಾತು ಇದ್ದ ಐದು ವಾರ್ಡ್‌ಗಳಲ್ಲಿ ಗುರುತು 100ಕ್ಕೆ 30 ಇದ್ದದ್ದು 47 ಆಯಿತು. ಇಲ್ಲದ ಐದರಲ್ಲಿ 28 ಇದ್ದದ್ದು 33. ಇಲ್ಲದ ಹೆಸರಿಗೆ ಹೌದು ಎಂದವರು ಶೇ 11ರಿಂದ 12, ಅಂದರೆ ದಾಕ್ಷಿಣ್ಯ ಹೆಚ್ಚೇನೂ ಬದಲಾಗಿಲ್ಲ. ತಾವಾಗಿ ಹೆಸರು ಹೇಳಿದವರು ಒಟ್ಟು 200ರಲ್ಲಿ 9 ಇದ್ದವರು 13.

ಜಾಹೀರಾತು ಇದ್ದಲ್ಲಿ 17 ಅಂಶ ಏರಿತು ಎಂದು ಕುಣಿಯುವಂತಿಲ್ಲ, ಇಲ್ಲದ ಕಡೆಯೂ 5 ಏರಿದೆ. ಆ ಐದು ಹೊಸ ಅಂಗಡಿಗಳಿಂದ ಬಂದಿರಬಹುದು, ಆಟೊಗಳು ವಾರ್ಡ್‌ನ ಗಡಿ ದಾಟಿ ಓಡಾಡಿದ್ದರಿಂದಲೂ ಇರಬಹುದು, ಅಥವಾ ಬರೀ ಆಕಸ್ಮಿಕ. ಹಾಗಾಗಿ ಜಾಹೀರಾತಿನ ಪಾಲು 12 ಅಂಶ ಎಂದು ಅಂದಾಜು. ನೂರು ನೂರು ಮಂದಿಯ ನಾಲ್ಕು ಗುಂಪುಗಳನ್ನು ಹೀಗೆ ಕೂಡಿ ಕಳೆದಾಗ ತಪ್ಪಿನ ಅಳತೆ ಆಚೀಚೆ 18 ಅಂಶದಷ್ಟಿರುತ್ತದೆ. ಅಂದರೆ ಜಾಹೀರಾತಿನ ಪರಿಣಾಮ ಸೊನ್ನೆಯೂ ಇರಬಹುದು, 30ರಷ್ಟೂ ಇರಬಹುದು. ಸಣ್ಣ ಸಮೀಕ್ಷೆಯ ಗಡಿ ಇದು. ಜಾಹೀರಾತು ಇದ್ದ ವಾರ್ಡ್‌ಗಳಲ್ಲಿ ಗುರುತು ಏರಿದ್ದು ಬಹುಮಟ್ಟಿಗೆ ನಿಜ, 17 ಅಂಶ ಅಲ್ಲಿನ ತಪ್ಪಿನ ಅಳತೆಯಾದ 13ನ್ನು ದಾಟಿದೆ. ಏರಿಕೆಗೆ ಗೋಡೆಬರಹವೇ ಕಾರಣ ಎಂಬುದು ಇನ್ನೂ ಸಾಬೀತಾಗಿಲ್ಲ. 9 ಮಂದಿ 13 ಆದದ್ದರಲ್ಲಿ ಏನೂ ಓದುವಂತಿಲ್ಲ, ಏನೂ ಬದಲಾಗದಿದ್ದರೂ ಎರಡು ಸುತ್ತುಗಳ ನಡುವೆ ಅಷ್ಟು ವ್ಯತ್ಯಾಸ ಬರುತ್ತದೆ.

ಇಷ್ಟು ಅನಿಶ್ಚಿತತೆ ಇಟ್ಟುಕೊಂಡೂ ಒಂದು ತೀರ್ಮಾನಕ್ಕೆ ಬರಬಹುದು. ಗುರುತು ಇದೆ, ಬೆಳೆಯುತ್ತಲೂ ಇದೆ. ನೆನಪು ಇಲ್ಲ ಎನ್ನುವಷ್ಟು ಕಡಿಮೆ. ಕಟ್ಟೆಯ ಮೇಲಿನ ಎಣಿಕೆ ಹೇಳಿದ ಪ್ರಕಾರ ಮಾರಾಟವಾಗುವ ಕಡೆ ಬೇಕಾದದ್ದು ನೆನಪು. ಗುರುತಷ್ಟೇ ಇರುವ ಗಿರಾಕಿ ‘ಶೇಂಗಾ ಚಟ್ನಿಪುಡಿ’ ಎಂದು ಕೇಳಿ, ಅಂಗಡಿಯವರು ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಇದಕ್ಕೆ ಎರಡು ದಾರಿಗಳಿವೆ, ಎರಡೂ ಅಗ್ಗ. ಒಂದು, ಇರುವ ಗುರುತನ್ನೇ ಕೆಲಸಕ್ಕೆ ಹಚ್ಚುವುದು: 60 ಅಂಗಡಿಗಳಲ್ಲಿ ಒಳಗಿನ ಹಲಗೆಯಲ್ಲಿರುವ ಪ್ಯಾಕೆಟ್‌ಗಳನ್ನು ಕಟ್ಟೆಯ ಮುಂದೆ ಕಣ್ಣಿನ ಮಟ್ಟಕ್ಕೆ ಸರದಂತೆ ತೂಗುಹಾಕಿದರೆ, ದಾಕ್ಷಿಣ್ಯದ ಪಾಲು ಕಳೆದ ಮೇಲೂ ನೂರರಲ್ಲಿ 30ರ ಹತ್ತಿರ ಇರುವ ಗುರುತು ಹತ್ತಿದವರು ಬೆರಳು ತೋರಿಸಬಲ್ಲರು. ಇನ್ನೊಂದು, ಗೋಡೆಬರಹದ ಮಾತನ್ನು ಬದಲಿಸುವುದು. ಬರೀ ಹೆಸರನ್ನು ದೊಡ್ಡದಾಗಿ ಬರೆದರೆ ಹೆಸರಿನ ಗುರುತು ಬೆಳೆಯುತ್ತದೆ. ನೆನಪು ಬೆಳೆಯಬೇಕಾದರೆ ಗಿರಾಕಿ ಅಂಗಡಿಯಲ್ಲಿ ಆಡುವ ಮಾತಿಗೇ ಹೆಸರನ್ನು ಗಂಟು ಹಾಕಬೇಕು. ‘ಶೇಂಗಾ ಚಟ್ನಿಪುಡಿ’ ಎಂಬುದು ಮೊದಲು, ಅದರ ಬೆನ್ನಿಗೇ ಹೆಸರು, ಪ್ರತಿ ಗೋಡೆಯ ಮೇಲೂ ಅದೇ ಸರದಿಯಲ್ಲಿ.

ಎರಡರಲ್ಲಿ ನಾನು ತೂಗುಹಾಕುವ ದಾರಿಯನ್ನು ಮೊದಲು ಹಿಡಿಯುತ್ತೇನೆ. ಅದರ ಫಲವನ್ನು ಮೂರು ಅಂಗಡಿಗಳ ನಾಲ್ಕು ಕಲಮಿನ ಹಾಳೆಯಲ್ಲಿ ತಿಂಗಳೊಳಗೆ ಕಾಣಬಹುದು: ಕೈತೋರಿಸುವವರ ಕಲಮು ಉದ್ದವಾಗಬೇಕು. ಗೋಡೆಬರಹದ ಹೊಸ ಮಾತಿಗೆ ಕನಿಷ್ಠ ಒಂದು ವರ್ಷದ ಕಾಲಾವಕಾಶ ಕೊಟ್ಟು ಮೂರನೆಯ ಸುತ್ತು ಮಾಡಬೇಕು. ಅದಕ್ಕೆ ದಿನ ಗೊತ್ತುಮಾಡುವಾಗ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಆಸುಪಾಸು ಬೇಡ. ಆಗ ಮನೆ ತುಂಬ ಪರವೂರಿನ ನೆಂಟರು, ಬಾಗಿಲು ತೆರೆಯುವವರು ದಾವಣಗೆರೆಯ ಅಂಗಡಿಗೆ ಹೋಗುವವರೇ ಆಗಿರುವುದಿಲ್ಲ. ಮೊದಲ ಸುತ್ತು ಯಾವ ತಿಂಗಳಲ್ಲಿ ನಡೆದಿತ್ತೋ ಅದೇ ತಿಂಗಳು, ಅದೇ ಐದು ಪ್ರಶ್ನೆ, ಒಂದಕ್ಷರವೂ ಬದಲಾಗದೆ. ಹಳೆಯ 400 ಹಾಳೆಗಳನ್ನು ವಾರ್ಡ್‌ವಾರು ಕಟ್ಟಿ, ಯಾರು ಯಾವ ದಿನ ಎಷ್ಟು ಗಂಟೆಗೆ ಕೇಳಿದರು ಎಂಬ ಚೀಟಿ ಅಂಟಿಸಿ, ಅಲ್ಲಿಯವರೆಗೆ ಎತ್ತಿಡಬೇಕು.